ಆದಷ್ಟು ಬೇಗ ಅಂದರೆ ಯಾವತ್ತು?

"ಆದಷ್ಟು ಬೇಗ ನೋಡ್ತೇವೆ" ಅನ್ನೋ ಉತ್ತರದಲ್ಲಿ ಇರೋದು ಮೂರೇ ಪದ. ಬಾಟಲಿ ಒಡೆದು ಕೂತಿರೋ ಗ್ರಾಹಕರಿಗೆ ಆ ಮೂರರಲ್ಲಿ ಒಂದರಿಂದಲೂ ಉಪಯೋಗ ಇಲ್ಲ. ಎಷ್ಟು ಆದಷ್ಟು? ಎಷ್ಟು ಬೇಗ? ಇನ್ನು 'ನೋಡ್ತೇವೆ' ಬಗ್ಗೆ ಹೇಳಲೇಬೇಡಿ. ನಮ್ಮ ಕಡೆ ಮನೆಗೆ ಬಂದವರು ಸಾಲ ಕೇಳಿದಾಗ 'ನೋಡುವ' ಅಂದರೆ ಮುಕ್ಕಾಲು ಪಾಲು 'ಇಲ್ಲ' ಅಂತಲೇ ಲೆಕ್ಕ.

ನನ್ನ ಚಿಕ್ಕಮ್ಮ ಮುಟ್ಟಳ್ಳಿಯಲ್ಲಿ ಮನೆಯಿಂದಲೇ ಮುರುಗಲು ಸಿರಪ್ಪು, ಒಣಗಿಸಿದ ಮುರುಗಲು ಸಿಪ್ಪೆ, ತೆಂಗಿನೆಣ್ಣೆ ಮಾರುತ್ತಾರೆ. ಮುರುಗಲು ಅಂದರೆ ಮಂಗಳೂರಿನವರ ಪುನರ್ಪುಳಿ. ವರ್ಷಕ್ಕೆ ಹೆಚ್ಚುಕಡಿಮೆ ಆರುನೂರು ಆರ್ಡರ್. ಬಹುಪಾಲು ವಾಟ್ಸಾಪ್‌ನಲ್ಲಿ, ಅದರಲ್ಲೂ ಅರ್ಧದಷ್ಟು ಬೆಂಗಳೂರಿನ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಗುಂಪಿನಿಂದ. ಆ ಗುಂಪಲ್ಲಿ ಒಬ್ಬರು ಒಂದು ದಿನ ಬರೆದರು: "ದುಡ್ಡು ತಗೊಳ್ಳೋವಾಗ ಇದ್ದ ಫೋನು ಬಾಟಲಿ ಸೋರಿದ ಮೇಲೆ ಇಲ್ಲ." ನಿಜ ಹೇಳಬೇಕೆಂದರೆ ಚಿಕ್ಕಮ್ಮ ಅವರಿಗೆ ಆ ದಿನವೇ ಉತ್ತರ ಕೊಟ್ಟಿದ್ದರು, ಐದನೇ ದಿನ ಬೇರೆ ಬಾಟಲಿಯನ್ನೂ ಕಳಿಸಿದರು. ಆದರೆ ಕೊಟ್ಟ ಉತ್ತರ ಮೇಲೆ ಹೇಳಿದ ಆ ಮೂರು ಪದ. ಗುಂಪಿನಲ್ಲಿ ಆ ಮಾತು ಬಂದದ್ದು ಮೂರನೇ ದಿನ. ಆ ತಿಂಗಳು ಅಲ್ಲಿಂದ ಬರುವ ಆರ್ಡರ್ ಅರ್ಧಕ್ಕೆ ಇಳಿಯಿತು. ಚಿಕ್ಕಮ್ಮ "ಈ ದೂರದ ವ್ಯಾಪಾರ ಸಾಕು ಮಾರಾಯ್ತಿ, ಭಟ್ಕಳ ಪೇಟೆಯ ಎರಡು ಅಂಗಡಿಗೆ ಕೊಟ್ಟು ಸುಮ್ಮನಿರ್ತೆ" ಅನ್ನೋವರೆಗೆ ಬಂದರು.

ನಾನು ಬೆಂಗಳೂರಿನಲ್ಲಿ ಗ್ರಾಹಕರ ದೂರುಗಳಿಗೆ ಉತ್ತರ ಕೊಡೋ ವಿಭಾಗದಲ್ಲೇ ಕೆಲಸ ಮಾಡೋಳು. ರಜೆಗೆ ಊರಿಗೆ ಹೋದಾಗ ಇಬ್ಬರೂ ಕೂತು ದೂರಿಗೆ ಕಳಿಸುವ ಮಾದರಿ ಉತ್ತರ ಮಾಡಿದೆವು. ಅದರ ಕಥೆ ಇದು.

ಮೊದಲು ಬರೆಯಲಿಲ್ಲ. ಮೊದಲು ಎಣಿಸಿದೆವು. ಚಿಕ್ಕಮ್ಮನ ಫೋನಿನಲ್ಲಿ ಹಿಂದಿನ ಒಂದು ವರ್ಷದ ಚಾಟ್ ಎಲ್ಲಾ ಹುಡುಕಿ, ದೂರು ಅನ್ನಬಹುದಾದ ಹದಿನಾಲ್ಕು ಸಿಕ್ಕಿದವು. ಹಳೇ ನೋಟ್‌ಬುಕ್ಕಿನಲ್ಲಿ ಒಂದೊಂದಕ್ಕೂ ಮೂರು ತಾರೀಖು ಬರೆದೆವು: ದೂರು ಬಂದದ್ದು, ಮೊದಲ ಉತ್ತರ ಹೋದದ್ದು, ವಿಷಯ ಮುಗಿದದ್ದು. ಇಷ್ಟು ಮಾಡದೆ ಗಡುವು ಹಾಕಬಾರದು ಅನ್ನೋದು ನನ್ನ ಅಭಿಪ್ರಾಯ. ಬೇರೆ ಕಂಪನಿ '24 ಗಂಟೆಯಲ್ಲಿ ಪರಿಹಾರ' ಅಂತ ಹಾಕಿದೆ ಅಂತ ನಾವೂ ಹಾಕಿದರೆ, ಮೊದಲ ದೂರಿಗೇ ಮಾತು ತಪ್ಪಿದ ಹಾಗಾಗುತ್ತದೆ.

ಎಣಿಸಿದಾಗ ಎರಡು ವಿಷಯ ಗೊತ್ತಾದವು. ಮೊದಲ ಉತ್ತರ ಹೆಚ್ಚಿನವಕ್ಕೆ ಅದೇ ದಿನ ಹೋಗಿತ್ತು. ತಡವಾದದ್ದು ಶನಿವಾರ ರಾತ್ರಿ ಬಂದವು ಮತ್ತು ರಾಮನವಮಿ ತೇರಿನ ವಾರ ಬಂದ ಎರಡು ಮಾತ್ರ. ಇನ್ನು ವಿಷಯ ಮುಗಿಯಲು ಒಂಬತ್ತಕ್ಕೆ ನಾಲ್ಕು ದಿನದೊಳಗೆ ಸಾಕಾಗಿತ್ತು, ಮೂರಕ್ಕೆ ಆರು ದಿನ. ಉಳಿದ ಎರಡು ಮಾತ್ರ ಹನ್ನೊಂದು ಮತ್ತು ಹದಿನೈದು ದಿನ ಎಳೆದಿದ್ದವು. ಆ ಎರಡರ ಚಾಟ್ ಪೂರ್ತಿ ಓದಿದಾಗ ಕಾರಣ ಸಿಕ್ಕಿತು. ಚಿಕ್ಕಮ್ಮ ಕೊರಿಯರಿನವರಿಗೆ ದೂರು ಕೊಟ್ಟು, ಅವರು ನಷ್ಟ ಒಪ್ಪಿಕೊಂಡ ಮೇಲೆ ಗ್ರಾಹಕರಿಗೆ ಹಣ ಕೊಡುವ ಅಂತ ಕಾದಿದ್ದರು.

ಇಲ್ಲಿ ಮಾದರಿ ಉತ್ತರ ಬರೆಯುವ ಮೊದಲೇ ಒಂದು ತೀರ್ಮಾನ ಆಗಬೇಕಾಯಿತು. ಗ್ರಾಹಕರ ದೂರು ಬೇರೆ, ಕೊರಿಯರಿನವರ ಜೊತೆ ನಮ್ಮ ಜಗಳ ಬೇರೆ. ಮೂರನೆಯವರ ಉತ್ತರಕ್ಕೆ ಕಾಯುತ್ತಾ ಕೂತರೆ ಯಾವ ತಾರೀಖನ್ನೂ ಧೈರ್ಯವಾಗಿ ಬರೆಯಲು ಆಗದು. "ಹಾಗಾದ್ರೆ ದುಡ್ಡು ನನ್ನ ಕೈಯಿಂದ ಹೋಯ್ತಲ್ಲ?" ಅಂದರು ಚಿಕ್ಕಮ್ಮ. ಲೆಕ್ಕ ಹಾಕಿದೆವು. ಒಂದು ಬಾಟಲಿಗೆ ₹220, ಪುನಃ ಕಳಿಸುವ ಖರ್ಚು ಸೇರಿ ₹300ರ ಆಸುಪಾಸು. ಕೊರಿಯರಿನವರು ಒಂದು ಪೈಸೆ ಕೊಡದಿದ್ದರೂ ಹದಿನಾಲ್ಕಕ್ಕೆ ₹4,200. ಆ ಒಂದು ಅಪಾರ್ಟ್‌ಮೆಂಟಿನಿಂದ ಒಂದೇ ತಿಂಗಳಲ್ಲಿ ತಪ್ಪಿಹೋದ ವ್ಯಾಪಾರ ಅದಕ್ಕಿಂತ ಜಾಸ್ತಿ ಇತ್ತು. ಹಾಗಾಗಿ ಕೊರಿಯರಿನ ದಾವೆ ಪಕ್ಕದ ಪುಟಕ್ಕೆ ಹೋಯಿತು. ಗ್ರಾಹಕರ ಗಡುವು ಅದರಿಂದ ಬಿಡುಗಡೆ ಆಯಿತು.

ಗಡುವಿಗೆ ಹೊರಗಿನ ಮಿತಿಯೂ ಒಂದಿದೆ. ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು, 2020ರ ಪ್ರಕಾರ ದೂರು ಬಂದಿದೆ ಅಂತ 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಸ್ವಂತ ವೆಬ್‌ಸೈಟಿನಲ್ಲಿ ಮಾರುವವರಿಗೂ ಇದು ಅನ್ವಯ, ದೊಡ್ಡ ಮಾರಾಟ ತಾಣಗಳಲ್ಲಿ ಕೂತು ಮಾರುವ ಸಣ್ಣ ವ್ಯಾಪಾರಿಗಳಿಗೂ ಅನ್ವಯ. ಬರೀ ವಾಟ್ಸಾಪ್‌ನಲ್ಲಿ ಆರ್ಡರ್ ಹಿಡಿಯುವವರು ಇದರಡಿ ಬರುತ್ತಾರೋ ಇಲ್ಲವೋ ಅಂತ ವಾದ ಮಾಡುತ್ತಾ ಕೂರಬಾರದು. 48 ಗಂಟೆಯನ್ನು ಕೊನೆಯ ಗೆರೆ ಅಂತ ಇಟ್ಟುಕೊಳ್ಳೋದು ಕ್ಷೇಮ. ಯಾಕೆಂದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರು ತಾವು ವಾಸ ಮಾಡುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು. ಮೈಸೂರಿನವರು ಕಾರವಾರಕ್ಕೆ ಬರಬೇಕಿಲ್ಲ, ಮುಟ್ಟಳ್ಳಿಯ ಚಿಕ್ಕಮ್ಮನೇ ಮೈಸೂರಿಗೆ ಉತ್ತರ ಕೊಡಬೇಕು. ದೂರು ಹಾಕಲು ಎರಡು ವರ್ಷದ ಅವಕಾಶ ಇರುವುದರಿಂದ ಆ ನೋಟ್‌ಬುಕ್ಕನ್ನೂ ಅಷ್ಟು ಕಾಲ ಎಸೆಯಬಾರದು.

ನಾವು ಹಾಕಿಕೊಂಡ ಗಡುವು ಇಷ್ಟೇ. ಬೆಳಗ್ಗೆ 9ರಿಂದ ರಾತ್ರಿ 8ರ ನಡುವೆ ಬಂದ ದೂರಿಗೆ ಅದೇ ದಿನ ಸ್ವೀಕೃತಿ. 8ರ ಮೇಲೆ ಬಂದದ್ದಕ್ಕೆ ಮರುದಿನ ಬೆಳಗ್ಗೆ 10ರ ಮೊದಲು, ಭಾನುವಾರವಾದರೂ ಸರಿ. ಏನು ಮಾಡುತ್ತೇವೆ ಅನ್ನುವ ತೀರ್ಮಾನ ಸ್ವೀಕೃತಿಯಿಂದ ಮೂರನೇ ದಿನದ ಸಂಜೆ 6ರ ಮೊದಲು. ತೀರ್ಮಾನವಾದ ಮೇಲೆ ಹಣ ಅಥವಾ ಪಾರ್ಸೆಲ್ ಎರಡು ದಿನದಲ್ಲಿ ನಮ್ಮ ಕೈಬಿಡಬೇಕು. ಕೂಡಿದರೆ ಐದು ದಿನ. ಕೊರಿಯರಿಗೆ ಕಾಯದಿದ್ದರೆ ಹಳೆಯ ದೂರುಗಳಲ್ಲಿ ಬಹುತೇಕ ಎಲ್ಲವೂ ಇದರೊಳಗೆ ಕೂರುತ್ತಿದ್ದವು.

ರಾತ್ರಿ 8ರ ಗೆರೆಗೆ ಚಿಕ್ಕಪ್ಪ ತಕರಾರು ಎತ್ತಿದರು, ಗಿರಾಕಿ ಕಾಯ್ತಾರೆ ಅಂತ. ಆದರೆ ಚಿಕ್ಕಮ್ಮ ರಾತ್ರಿ ಹನ್ನೊಂದೂವರೆಗೆ ಎದ್ದು ಉತ್ತರ ಬರೆಯುವುದನ್ನು ನಾನೇ ನೋಡಿದ್ದೆ. ಗಡುವು ಇರೋದು ಗ್ರಾಹಕರಿಗೆ ಎಷ್ಟೋ, ಉತ್ತರ ಕೊಡುವವರಿಗೂ ಅಷ್ಟೇ. ಬೆಳಗ್ಗೆ 10ರ ಮೊದಲು ಉತ್ತರ ಗ್ಯಾರಂಟಿ ಅಂತಾದರೆ ರಾತ್ರಿ ಫೋನು ಮಗುಚಿಟ್ಟು ಮಲಗಬಹುದು.

ಇನ್ನು ಸ್ವೀಕೃತಿ. ಅದರ ಕೆಲಸ ಏನು ಅಂತ ಚಿಕ್ಕಮ್ಮನಿಗೆ ವಿವರಿಸಲು ನನಗೆ ಸಿಕ್ಕಿದ ಉದಾಹರಣೆ ನಾಡಕಚೇರಿಯ ಸಕಾಲ ಚೀಟಿ. ಜಾತಿ ಪ್ರಮಾಣಪತ್ರಕ್ಕೋ ಆದಾಯ ಪ್ರಮಾಣಪತ್ರಕ್ಕೋ ಅರ್ಜಿ ಕೊಟ್ಟರೆ ಜಿಎಸ್‌ಸಿ ನಂಬರ್ ಇರುವ ಒಂದು ಚೀಟಿ ಕೊಡುತ್ತಾರಲ್ಲ, ಅದು. 2011ರ ಸಕಾಲ ಕಾಯ್ದೆ ಬಂದ ಮೇಲೆ ಶುರುವಾದದ್ದು. ಅದು ದೂರಿನ ಚೀಟಿ ಅಲ್ಲ, ಅರ್ಜಿಯದು. ಆದರೂ ಅದರಲ್ಲಿ ಮುಖ್ಯವಾದದ್ದೆಲ್ಲಾ ಇದೆ: ನಿಮ್ಮದು ನಮಗೆ ಬಂದಿದೆ, ಇಂಥದ್ದಕ್ಕೆ ಬಂದಿದೆ, ಇದು ನಂಬರ್, ಈ ದಿನದೊಳಗೆ ಆಗಬೇಕು. ತಡವಾದರೆ ದಿನಕ್ಕೆ ₹20ರಂತೆ ಗರಿಷ್ಠ ₹500ರವರೆಗೆ ಪರಿಹಾರ ಕೇಳಬಹುದು ಅಂತಲೂ ಆ ಕಾಯ್ದೆಯಲ್ಲಿದೆ. "ಆ ಚೀಟಿ ಇದ್ರೆ ದಿನಾ ಕಚೇರಿಗೆ ಹೋಗಿ ಕೇಳೂದು ಬೇಡ" ಅಂದರು ಚಿಕ್ಕಮ್ಮ. ಸ್ವೀಕೃತಿಯನ್ನು ಅಳೆಯಬೇಕಾದದ್ದೂ ಅದರಿಂದಲೇ. ಕೊಟ್ಟ ತಾರೀಖಿಗೆ ಮೊದಲೇ ಗ್ರಾಹಕರು "ಏನಾಯ್ತು?" ಅಂತ ಪುನಃ ಕೇಳಿದರೆ ಸ್ವೀಕೃತಿಯಲ್ಲಿ ಏನೋ ಒಂದು ಬಿಟ್ಟುಹೋಗಿದೆ ಅಂತಲೇ ತಿಳಿಯಬೇಕು.

ಮಾದರಿ ಮಾಡಿದ ಮೇಲೆ ಬಂದ ಒಂದು ದೂರನ್ನೇ ಇಡೀ ಹೇಳುತ್ತೇನೆ. ಮೈಸೂರಿನ ಗ್ರಾಹಕರು ಮೂರು ಬಾಟಲಿ ತರಿಸಿಕೊಂಡಿದ್ದರು. ಮೇ 17, ಶನಿವಾರ ರಾತ್ರಿ 9.40ಕ್ಕೆ ಒಡೆದ ಬಾಟಲಿಯ ಫೋಟೊ ಬಂತು, ಕೆಳಗೆ ಒಂದೇ ಸಾಲು: "ಇದೇನಾ ನಿಮ್ಮ ಪ್ಯಾಕಿಂಗ್?" ಭಾನುವಾರ ಬೆಳಗ್ಗೆ 9.15ಕ್ಕೆ ಹೋದ ಸ್ವೀಕೃತಿ ಇದು:

"ನಮಸ್ಕಾರ ಮೇಡಂ. ನಿಮ್ಮ ದೂರು ನಿನ್ನೆ, ಶನಿವಾರ ರಾತ್ರಿ 9.40ಕ್ಕೆ ನಮಗೆ ಬಂದಿದೆ. ದೂರಿನ ನಂಬರ್ ಮೇ-3. ನಾವು ಅರ್ಥ ಮಾಡಿಕೊಂಡದ್ದು: ಮುರುಗಲು ಸಿರಪ್ಪಿನ ಮೂರು ಬಾಟಲಿಯಲ್ಲಿ ಒಂದು ಒಡೆದಿದೆ, ಎರಡು ಸರಿ ಇವೆ. ಹೀಗಲ್ಲದಿದ್ದರೆ ತಿಳಿಸಿ. ಹೊರಗಿನ ಡಬ್ಬದ ಒಂದು ಫೋಟೊ ಸೋಮವಾರ ಸಂಜೆ 6ರ ಮೊದಲು ಕಳಿಸಿ. ಆಮೇಲೆ ಒಡೆದದ್ದನ್ನು ಎಸೆಯಬಹುದು, ವಾಪಸ್ ಕಳಿಸಬೇಕಿಲ್ಲ. ಗಾಜು ಜಾಗ್ರತೆ. ಬುಧವಾರ, ಮೇ 21, ಸಂಜೆ 6ರ ಮೊದಲು ನಾವು ಏನು ಮಾಡುತ್ತೇವೆ ಎಂದು ನಾನೇ ತಿಳಿಸುತ್ತೇನೆ."

ಕೊನೆಗೆ ಚಿಕ್ಕಮ್ಮನ ಹೆಸರು, ಫೋನ್ ನಂಬರು. ಅಷ್ಟೇ.

ಇದರಲ್ಲಿ ಇಲ್ಲದ್ದನ್ನು ಗಮನಿಸಿ. ಹಣ ವಾಪಸ್ ಕೊಡುತ್ತೇವೆ ಅಂತ ಇಲ್ಲ, ಕೊಡುವುದಿಲ್ಲ ಅಂತಲೂ ಇಲ್ಲ. ತಪ್ಪು ಕೊರಿಯರಿನವರದ್ದು ಅಂತ ಇಲ್ಲ. ನೋಡದೆ ತೀರ್ಪು ಹೇಳಬಾರದು, ಸ್ವೀಕೃತಿಯಲ್ಲಂತೂ ಹೇಳಲೇಬಾರದು. "ನಾವು ಅರ್ಥ ಮಾಡಿಕೊಂಡದ್ದು" ಅನ್ನುವ ಸಾಲು ಮಾತ್ರ ಯಾವ ಕಾರಣಕ್ಕೂ ಬಿಡಬಾರದು. ಗ್ರಾಹಕರ ಮಾತನ್ನು ನಮ್ಮ ಮಾತಿನಲ್ಲಿ ಪುನಃ ಹೇಳುವ ಆ ಸಾಲಿನಿಂದಲೇ ಯಾರೋ ನಿಜವಾಗಿ ಓದಿದ್ದಾರೆ ಅಂತ ಅವರಿಗೆ ಗೊತ್ತಾಗೋದು. ವಾಟ್ಸಾಪ್ ಬಿಸಿನೆಸ್ ಆ್ಯಪಿನಲ್ಲಿ ಅಂಗಡಿ ಮುಚ್ಚಿರುವ ಹೊತ್ತಲ್ಲಿ ತಾನೇ ಹೋಗುವ ಸಂದೇಶ ಇಡಬಹುದು. ಚಿಕ್ಕಮ್ಮ ಅದನ್ನೂ ಇಟ್ಟಿದ್ದಾರೆ, ರಾತ್ರಿ 8ರ ನಂತರ ಬೆಳಗ್ಗೆ 10ರ ಮೊದಲು ಉತ್ತರಿಸುತ್ತೇವೆ ಅಂತ. ಆದರೆ ಅದನ್ನು ಸ್ವೀಕೃತಿ ಅಂತ ಲೆಕ್ಕಕ್ಕೆ ಹಿಡಿಯೋದಿಲ್ಲ. ಎಣ್ಣೆಯ ಬೆಲೆ ಕೇಳಿದವರಿಗೂ ಅದೇ ಸಂದೇಶ ಹೋಗುತ್ತದೆ ತಾನೆ?

ಫೋಟೊ ಕೇಳುವುದರಲ್ಲೂ ಒಂದು ಮರ್ಯಾದೆ ಇದೆ. ಬೇಕಾದದ್ದನ್ನೆಲ್ಲಾ ಒಂದೇ ಸಲ ಕೇಳಬೇಕು. ನಮ್ಮಲ್ಲೇ ಇರುವ ಆರ್ಡರ್ ತಾರೀಖು, ವಿಳಾಸ, ಕಟ್ಟಿದ ಹಣದ ಸ್ಕ್ರೀನ್‌ಶಾಟ್ ಇವನ್ನೆಲ್ಲಾ ಕೇಳಲೇಬಾರದು. ಇವತ್ತು ಬಾಟಲಿ, ನಾಳೆ ಲೇಬಲ್, ನಾಡಿದ್ದು ಡಬ್ಬ ಅಂತ ಒಂದೊಂದೇ ಕೇಳಿದರೆ ಗ್ರಾಹಕರಿಗೆ ಅನುಮಾನ ಪಡುತ್ತಿದ್ದಾರೆ ಅನ್ನಿಸುತ್ತದೆ. ಅನ್ನಿಸಬೇಕಾದದ್ದೇ.

ಭಾಷೆಯಲ್ಲಿ ನಾವು ತುಂಬಾ ಹೊತ್ತು ಸಿಕ್ಕಿಹಾಕಿಕೊಂಡದ್ದು ತಾರೀಖು ಹೇಳುವ ರೀತಿಯಲ್ಲಿ. ನಮ್ಮ ಕನ್ನಡದಲ್ಲಿ 'ಎರಡು ದಿನ' ಅಂದರೆ ಎರಡು ದಿನ ಅಲ್ಲ. "ಎರಡು ದಿನ ಬಿಟ್ಟು ಬನ್ನಿ" ಅಂದ ದರ್ಜಿಯ ಹತ್ತಿರ ಎರಡೇ ದಿನಕ್ಕೆ ಹೋದವರು ಯಾರಿದ್ದಾರೆ? 'ಒಂದೆರಡು ದಿನ', 'ಎರಡು ಮೂರು ದಿನ' ಇನ್ನೂ ಜಾರುತ್ತವೆ. 'ಬುಧವಾರದೊಳಗೆ' ಅಂದರೆ ಬುಧವಾರ ಸೇರಿತೋ ಇಲ್ಲವೋ? ಚಿಕ್ಕಮ್ಮ ಸೇರಿತು ಅಂದರು, ಚಿಕ್ಕಪ್ಪ ಇಲ್ಲ ಅಂದರು. 'ಮೂರು ಕೆಲಸದ ದಿನ' ಅಂದರೆ ಭಟ್ಕಳದಲ್ಲಿ ಯಾವತ್ತು ರಜೆ ಅಂತ ಮೈಸೂರಿನವರಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ನಿಯಮ ಮಾಡಿಕೊಂಡೆವು: ವಾರ, ತಾರೀಖು, ಗಂಟೆ, ಆಮೇಲೆ 'ಮೊದಲು' ಅನ್ನುವ ಪದ. ನಾಲ್ಕೂ ಇದ್ದರೆ ಮಾತ್ರ ಗಡುವು. ದಿನ ಎಣಿಸುವ ಕೆಲಸ ನಮ್ಮದು, ಓದುವವರದ್ದಲ್ಲ.

ಇನ್ನೊಂದು, 'ಪರಿಶೀಲಿಸಲಾಗುವುದು', 'ಕ್ರಮ ಕೈಗೊಳ್ಳಲಾಗುವುದು' ಅನ್ನುವ ಕಚೇರಿ ಕನ್ನಡ. ಚಿಕ್ಕಮ್ಮನಿಗೆ ಬರವಣಿಗೆ ಅಂದರೆ ಹಾಗೇ ಇರಬೇಕು ಅಂತ ಇತ್ತು, ಮರ್ಯಾದೆ ಕಾಣುತ್ತದೆ ಅಂತ. ಆದರೆ ಆ ವಾಕ್ಯದಲ್ಲಿ ಯಾರು ಮಾಡುತ್ತಾರೆ ಅನ್ನುವುದೇ ಇಲ್ಲ. "ನಾನೇ ತಿಳಿಸುತ್ತೇನೆ" ಅಂತ ಬದಲಾಯಿಸಿದೆವು. ದೂರು ಇಂಗ್ಲಿಷಿನಲ್ಲಿ ಬಂದರೆ ಉತ್ತರವೂ ಇಂಗ್ಲಿಷಿನಲ್ಲೇ, ಅದಕ್ಕೂ ಇದೇ ಸಾಲುಗಳ ಒಂದು ಪ್ರತಿ ಇದೆ.

ಮೈಸೂರಿನವರ ವಿಷಯಕ್ಕೆ ಬರುತ್ತೇನೆ. ಸೋಮವಾರ ಡಬ್ಬದ ಫೋಟೊ ಬಂತು. ಮಂಗಳವಾರ ಸಂಜೆ 4ಕ್ಕೆ, ಅಂದರೆ ಹೇಳಿದ್ದಕ್ಕಿಂತ ಒಂದು ದಿನ ಮೊದಲೇ, ಪರಿಹಾರದ ಉತ್ತರ ಹೋಯಿತು:

"ದೂರು ಮೇ-3. ನಮಸ್ಕಾರ ಮೇಡಂ. ಫೋಟೊ ನೋಡಿದೆವು. ಡಬ್ಬದ ಒಂದು ಮೂಲೆ ಒಳಕ್ಕೆ ಕುಸಿದಿದೆ. ಆ ಮೂಲೆಯ ಬಾಟಲಿಗೆ ನಾವು ಸುತ್ತಿದ್ದ ರಟ್ಟು ಸಾಕಾಗಿಲ್ಲ. ಜವಾಬ್ದಾರಿ ನಮ್ಮದು, ಕ್ಷಮಿಸಿ. ಎರಡರಲ್ಲಿ ಒಂದು ನೀವು ಆರಿಸಬಹುದು: ಹೊಸ ಬಾಟಲಿ, ಅಥವಾ ₹220 ವಾಪಸ್. ಬುಧವಾರ, ಮೇ 21, ರಾತ್ರಿ 8ರ ಮೊದಲು ತಿಳಿಸಿ. ಬಾಟಲಿ ಎಂದರೆ ಗುರುವಾರ, ಮೇ 22, ಮಧ್ಯಾಹ್ನ 3ರ ಮೊದಲು ಕೊರಿಯರಿಗೆ ಕೊಟ್ಟು ಟ್ರ್ಯಾಕಿಂಗ್ ನಂಬರ್ ಕಳಿಸುತ್ತೇನೆ. ಅಲ್ಲಿಂದ ಮೈಸೂರಿಗೆ ಸಾಮಾನ್ಯವಾಗಿ 2ರಿಂದ 3 ದಿನ. ಹಣ ಎಂದರೆ, ಅಥವಾ ಉತ್ತರ ಬರದಿದ್ದರೆ, ಗುರುವಾರ ಮಧ್ಯಾಹ್ನ 3ರ ಮೊದಲು ನೀವು ಹಣ ಕಳಿಸಿದ್ದ ಯುಪಿಐ ಖಾತೆಗೇ ಹಾಕಿ ಉಲ್ಲೇಖ ಸಂಖ್ಯೆ ಕಳಿಸುತ್ತೇನೆ. ಇದು ಒಪ್ಪಿಗೆ ಇಲ್ಲದಿದ್ದರೆ ಈ ನಂಬರಿಗೆ ಫೋನ್ ಮಾಡಿ."

ಈ ಉತ್ತರದಲ್ಲಿ ಕಷ್ಟದ ಜಾಗ ಒಂದೇ. ಕೊರಿಯರಿಗೆ ಕೊಡುವುದು ನಮ್ಮ ಕೈಯಲ್ಲಿದೆ, ಮೈಸೂರು ತಲುಪುವುದು ಇಲ್ಲ. ಹಾಗಾಗಿ ಮೊದಲನೆಯದಕ್ಕೆ ಗಂಟೆ ಸಮೇತ ಮಾತು ಕೊಟ್ಟದ್ದು, ಎರಡನೆಯದಕ್ಕೆ 'ಸಾಮಾನ್ಯವಾಗಿ' ಅಂದದ್ದು. ಎರಡನ್ನೂ ಒಂದೇ ಧ್ವನಿಯಲ್ಲಿ ಹೇಳಿದರೆ ಲಾರಿ ತಡವಾದದ್ದಕ್ಕೂ ಚಿಕ್ಕಮ್ಮನ ಮಾತೇ ಸುಳ್ಳಾಗುತ್ತದೆ. ಯುಪಿಐಯ 12 ಅಂಕಿಯ ಉಲ್ಲೇಖ ಸಂಖ್ಯೆ ಕೊಡೋದೂ ಅಷ್ಟೇ ಮುಖ್ಯ. "ಹಣ ಹಾಕಿದೆ" ಅಂದಾಗ "ಬಂದಿಲ್ಲ" ಅಂದರೆ, ಅವರ ಬ್ಯಾಂಕಿನಲ್ಲಿ ಹುಡುಕಲು ಅದೊಂದೇ ದಾರಿ. ಗ್ರಾಹಕರು ಸುಮ್ಮನಾದರೆ ಏನಾಗುತ್ತದೆ ಅಂತಲೂ ಬರೆದಿಟ್ಟದ್ದರಿಂದ ದೂರು ತೆರೆದೇ ಕೂರೋದಿಲ್ಲ. ಅವರು ಬಾಟಲಿ ಕೇಳಿದರು. ಗುರುವಾರ ಟ್ರ್ಯಾಕಿಂಗ್ ನಂಬರ್ ಹೋಯಿತು, ಶನಿವಾರ ತಲುಪಿತು. ಮೊದಲ ಸಂದೇಶದಿಂದ ಕೊನೆಯವರೆಗೆ "ಏನಾಯ್ತು?" ಅಂತ ಒಮ್ಮೆಯೂ ಕೇಳಲಿಲ್ಲ.

'ಕ್ಷಮಿಸಿ' ಎಲ್ಲಿ ಬಂದಿದೆ ನೋಡಿ. ಏನಾಗಿದೆ ಅಂತ ಹೇಳಿದ ಮೇಲೆ. ಎಲ್ಲಾ ಸಾಲಿನಲ್ಲೂ ಕ್ಷಮೆ ಕೇಳುವ ಉತ್ತರ ನಾನು ಕಚೇರಿಯಲ್ಲಿ ದಿನಾ ನೋಡುತ್ತೇನೆ. ಯಾವುದಕ್ಕೆ ಕ್ಷಮೆ ಅಂತಲೇ ಗೊತ್ತಾಗೋದಿಲ್ಲ.

ಒಪ್ಪಿಕೊಳ್ಳುವ ಉತ್ತರ ಸುಲಭ, ಚಿಕ್ಕಮ್ಮನಿಗೆ ಬೆವರು ಬರಿಸಿದ್ದು 'ಇಲ್ಲ' ಅನ್ನುವ ಉತ್ತರ. ಬಾಟಲಿಯ ತಳದಲ್ಲಿ ಕೆಸರಿನ ಹಾಗೆ ಕೂತಿದೆ, ಹಾಳಾಗಿದೆ, ಹಣ ವಾಪಸ್ ಕೊಡಿ ಅಂತ ಒಬ್ಬರು ಬರೆದರು. ಅದು ಹಣ್ಣಿನದ್ದೇ ತಿರುಳು, ಅಲ್ಲಾಡಿಸಿದರೆ ಬೆರೆಯುತ್ತದೆ. ಆದರೆ ಫೋಟೊ ನೋಡಿ ಹಾಗೆ ಹೇಳಿಬಿಡಬಾರದು. ಅದೇ ದಿನ ತುಂಬಿದ ಬಾಟಲಿಗಳಲ್ಲಿ ಒಂದೆರಡನ್ನು ಚಿಕ್ಕಮ್ಮ ಯಾವಾಗಲೂ ಮನೆಯಲ್ಲೇ ಉಳಿಸಿಕೊಳ್ಳುತ್ತಾರೆ. ಅದರಲ್ಲಿ ಒಂದನ್ನು ತೆರೆದು, ವಾಸನೆ ರುಚಿ ನೋಡಿ, ಆಮೇಲೆ ಬರೆದರು. ಮಾದರಿಯಲ್ಲಿ ಕ್ರಮ ಹೀಗಿದೆ: ನಾವು ಏನು ನೋಡಿದೆವು, ಏನು ಕಂಡಿತು, ಅದಕ್ಕೆ ಹಣ ವಾಪಸ್ ಕೊಡಲು ಆಗುವುದಿಲ್ಲ, ಬದಲಿಗೆ ಏನು ಮಾಡಬಹುದು. ಕೊನೆಯ ಸಾಲು: "ನಿಮಗೆ ಇದು ಸರಿ ಕಾಣದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು." ಚಿಕ್ಕಪ್ಪ ಇದಕ್ಕೆ ಜೋರು ವಿರೋಧ. ನಮ್ಮ ಮೇಲೆ ದೂರು ಕೊಡಲು ನಾವೇ ನಂಬರ್ ಕೊಡೂದಾ? ಆದರೆ ಆ ನಂಬರ್ ಯಾರಿಗೂ ಗುಟ್ಟಲ್ಲ. ಅದನ್ನು ಕೊಡಲು ಹೆದರದವರು ಅಂದರೆ ಸರಿಯಾಗಿ ಪರೀಕ್ಷೆ ಮಾಡಿದ್ದಾರೆ ಅಂತಲೇ ಓದುವವರಿಗೆ ಅನ್ನಿಸೋದು. ಅವರು ಕರೆ ಮಾಡಲಿಲ್ಲ. ಪುನಃ ಆರ್ಡರೂ ಮಾಡಲಿಲ್ಲ.

ಎಲ್ಲಾ ದೂರಿಗೂ ಇದೇ ಗಡುವು ಅಂತ ಹಿಡಿದರೆ ಅಪಾಯ ಆಗುವ ಜಾಗ ಒಂದಿದೆ. ಮುಚ್ಚಳ ತೆರೆದಾಗ ಟಪ್ ಅಂತ ಹಾರಿತು, ನೊರೆ ಬಂತು, ಹುಳಿ ಹೆಂಡದ ವಾಸನೆ ಬಂತು ಅಂದರೆ ಸಿರಪ್ಪು ಹುದುಗಿದೆ ಅಂತ. ಸಕ್ಕರೆ ಕಡಿಮೆ ಬಿದ್ದರೆ ಅಥವಾ ಬಾಟಲಿಯಲ್ಲಿ ನೀರಿನ ಪಸೆ ಉಳಿದಿದ್ದರೆ ಹೀಗಾಗುತ್ತದೆ. ಒಂದು ಬಾಟಲಿಗೆ ಆದದ್ದು ಅದೇ ದಿನ ತುಂಬಿದ ಉಳಿದವಕ್ಕೂ ಆಗಿರಬಹುದು. ಇದಕ್ಕೆ ಮೂರನೇ ದಿನ ಅನ್ನೋದಿಲ್ಲ. ಎರಡು ಗಂಟೆಯೊಳಗೆ ಫೋನ್ ಮಾಡಿ, ಕುಡಿಯಬೇಡಿ ಅಂತ ಹೇಳಿ, ಲೇಬಲ್ ಮೇಲಿನ ಬ್ಯಾಚ್ ನಂಬರ್ ಕೇಳಿ, ಅದೇ ಬ್ಯಾಚ್ ಯಾರ್ಯಾರಿಗೆ ಹೋಗಿದೆ ಅಂತ ನೋಟ್‌ಬುಕ್ಕಿನಲ್ಲಿ ನೋಡಿ ಅವರಿಗೂ ಅದೇ ದಿನ ತಿಳಿಸಬೇಕು. ಬರೆದ ಉತ್ತರ ಆಮೇಲೆ. ಅಂದಹಾಗೆ ದೂರಿಗೆ ಸಂಪರ್ಕಿಸಬೇಕಾದವರ ಹೆಸರು, ವಿಳಾಸ, ಫೋನ್, ಇಮೇಲ್ ಪೊಟ್ಟಣದ ಮೇಲೇ ಇರಬೇಕು ಅನ್ನೋದು ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮದಲ್ಲಿದೆ. ಲೇಬಲ್ ಮೇಲಿನ ನಂಬರೂ ಮಾದರಿ ಉತ್ತರದ ನಂಬರೂ ಒಂದೇ ಆಗಿದ್ದರೆ ಎರಡು ಕಡೆ ದೂರು ಬಂದು ಒಂದು ಕಳೆದುಹೋಗೋದಿಲ್ಲ.

ಗಡುವು ತಪ್ಪುತ್ತದೆ ಅಂತ ಗೊತ್ತಾದಾಗ ಕಳಿಸಲು ಇನ್ನೊಂದು ಮಾದರಿ ಇದೆ, ಎರಡೇ ಸಾಲಿನದ್ದು: ಯಾಕೆ ತಡ, ಹೊಸ ತಾರೀಖು ಯಾವುದು. ಅದು ಹಳೆಯ ಗಡುವು ಮುಗಿಯುವ ಮೊದಲೇ ಹೋಗಬೇಕು, ಒಂದು ದೂರಿಗೆ ಒಂದೇ ಸಲ. ನಮ್ಮ ಕಡೆಯ ಮಳೆ ಗೊತ್ತಿದ್ದವರಿಗೆ ಇದರ ಅಗತ್ಯ ಹೇಳಬೇಕಿಲ್ಲ. 2024ರ ಜುಲೈ 16ರಂದು ಕುಮಟಾ–ಅಂಕೋಲಾ ನಡುವೆ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಆ ದಾರಿಯಲ್ಲಿ ಹೋಗುವ ಪಾರ್ಸೆಲ್‌ಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ '2ರಿಂದ 3 ದಿನ' ಅಂತ ಬರೆಯೋದನ್ನೇ ಬಿಟ್ಟೆವು. ಮಳೆಗಾಲದ ಪ್ರತಿಯಲ್ಲಿ '4ರಿಂದ 7 ದಿನ' ಅಂತಿದೆ.

2022ರ ಆಗಸ್ಟ್ ಶುರುವಿನಲ್ಲಿ ಮುಟ್ಟಳ್ಳಿಯಲ್ಲೇ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಹೋದರು. ಅಂಥ ದಿನ ಫೋನು ನೋಡುವವರು ಯಾರು? ಹಾಗಾಗಿ ಹೊನ್ನಾವರದಲ್ಲಿರುವ ತಂಗಿಯ ಕಂಪ್ಯೂಟರಿಗೂ ಅದೇ ವಾಟ್ಸಾಪ್ ಜೋಡಿಸಿದ್ದೇವೆ. ಚಿಕ್ಕಮ್ಮ ಬೆಳಗ್ಗೆ 10ರವರೆಗೆ ಏನೂ ಉತ್ತರಿಸದಿದ್ದರೆ ಅವಳು ಸ್ವೀಕೃತಿ ಮಾತ್ರ ಕಳಿಸುತ್ತಾಳೆ, ತೀರ್ಮಾನ ಹೇಳೋದಿಲ್ಲ. ಮಾದರಿಗಳೆಲ್ಲಾ ಆ್ಯಪಿನ ಕ್ವಿಕ್ ರಿಪ್ಲೈನಲ್ಲಿವೆ. `/duru` ಅಂತ ಒತ್ತಿದರೆ ಸ್ವೀಕೃತಿ, `/mugitu` ಅಂದರೆ ಪರಿಹಾರ, `/illa` ಅಂದರೆ ನಿರಾಕರಣೆ, `/tada` ಅಂದರೆ ತಡದ ಸಂದೇಶ. ತುಂಬಬೇಕಾದ ಜಾಗದಲ್ಲೆಲ್ಲಾ ಮೂರು ನಕ್ಷತ್ರ `***` ಹಾಕಿಟ್ಟಿದ್ದೇವೆ. ಖಾಲಿ ಜಾಗ ಬಿಟ್ಟರೆ ಕಣ್ಣು ತಪ್ಪಿ ಹಾಗೇ ಹೋಗುತ್ತದೆ. ನಕ್ಷತ್ರ ಇದ್ದರೆ ಕಳಿಸುವ ಮೊದಲೇ ಎದ್ದು ಕಾಣುತ್ತದೆ.

ಇದೆಲ್ಲಾ ಆಗಿ ಒಂದು ಹಂಗಾಮು ಮುಗಿದಿದೆ. ಒಂಬತ್ತು ದೂರು ಬಂದವು, ಎಂಟು ಗಡುವಿನೊಳಗೆ ಮುಗಿದವು, ಒಂದಕ್ಕೆ ತಡದ ಸಂದೇಶ ಹೋಯಿತು. ಅಪಾರ್ಟ್‌ಮೆಂಟಿನ ಗುಂಪಿನಿಂದ ಆರ್ಡರ್ ಪೂರ್ತಿ ಮೊದಲಿನಷ್ಟಕ್ಕೆ ಬಂದಿಲ್ಲ, ಮುಕ್ಕಾಲು ಬಂದಿದೆ. ಪಕ್ಕದ ಪುಟದಲ್ಲಿ ಕೊರಿಯರಿನವರ ಮೇಲಿನ ಆರು ದಾವೆ ಇವೆ, ಅದರಲ್ಲಿ ಎರಡಕ್ಕೆ ಹಣ ಸಿಕ್ಕಿದೆ. ಉಳಿದ ನಾಲ್ಕರ ಬಗ್ಗೆ ಕೇಳಿದಾಗಲೆಲ್ಲಾ ಅವರಿಂದ ಬರುವ ಉತ್ತರ, ಆದಷ್ಟು ಬೇಗ ನೋಡ್ತೇವೆ ಮೇಡಂ.